ಕ್ಯಾಂಪಸ್ ಡ್ರೈವ್: ಡೇಟ್ ಕೇಳೋದು ಕೊನೆಗೆ, ಮೊದಲು ತಲೆ ಲೆಕ್ಕ

ಪ್ರಶ್ನೆ: ನಮ್ದು ಬೆಂಗಳೂರಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ. ಈ ವರ್ಷ ಫಸ್ಟ್ ಟೈಮ್ ದಾವಣಗೆರೆ ಕಡೆ ಒಂದು ವಿಟಿಯು ಕಾಲೇಜಿಗೆ ಕ್ಯಾಂಪಸ್ ರಿಕ್ರೂಟ್‌ಮೆಂಟ್‌ಗೆ ಹೋಗೋಣ ಅಂತಿದೀವಿ. ಹತ್ತು ಜನ ಫ್ರೆಶರ್ಸ್ ಬೇಕು, ಇಂಟರ್‌ವ್ಯೂ ಮಾಡೋಕೆ ನಾಲ್ಕು ಜನ ಇದಾರೆ. ಪ್ಲೇಸ್‌ಮೆಂಟ್ ಸೆಲ್ ಜೊತೆ ಡೇಟು, ರೂಮು, ಎಷ್ಟು ಸ್ಟೂಡೆಂಟ್ಸ್ ಅನ್ನೋದೆಲ್ಲ ಹೇಗೆ ಫಿಕ್ಸ್ ಮಾಡ್ಕೊಳೋದು?

ಉತ್ತರ:

ನಾನು ಎಚ್‌ಆರ್‌ನಲ್ಲಿ ಇದೇ ಕೆಲಸ ಮಾಡ್ಕೊಂಡಿರೋದು. ಎಲ್ಲರೂ ಫೋನ್ ಎತ್ಕೊಂಡು ಮೊದಲು ಕೇಳೋದೇ "ಸರ್ ಯಾವ ಡೇಟ್ ಖಾಲಿ ಇದೆ" ಅಂತ, ನನ್ನ ಕೇಳಿದ್ರೆ ಅದು ಉಲ್ಟಾ. ಎಷ್ಟು ಜನರನ್ನ ಕೂರಿಸ್ಬೇಕು ಅಂತ ಗೊತ್ತಾದ್ರೆ ಎಷ್ಟು ರೂಮ್ ಬೇಕು ಅಂತ ಗೊತ್ತಾಗತ್ತೆ, ಅಷ್ಟು ರೂಮ್ ಯಾವಾಗ ಖಾಲಿ ಇರತ್ತೋ ಅದೇ ನಿಮ್ಮ ಡೇಟು.

ನಿಮ್ಮ ಲೆಕ್ಕವನ್ನೇ ತಗೊಳೋಣ. ಹತ್ತು ಜನ ಜಾಯಿನ್ ಆಗ್ಬೇಕು ಅಂದ್ರೆ ಹತ್ತು ಆಫರ್ ಕೊಟ್ರೆ ಸಾಲಲ್ಲ. ಏಳನೇ ಸೆಮ್‌ನಲ್ಲಿ ಆಫರ್ ಕೊಟ್ಟು ಮುಂದಿನ ವರ್ಷ ರಿಸಲ್ಟ್ ಬಂದ್ಮೇಲೆ ಕರ್ಕೊಳೋ ಅಷ್ಟರಲ್ಲಿ ಒಬ್ರಿಗೆ ಬೇರೆ ಕಡೆ ಜಾಸ್ತಿ ಸಿಕ್ಕಿರತ್ತೆ, ಇನ್ನೊಬ್ರು ಎಂಟೆಕ್ ಅಂತ ಹೋಗಿರ್ತಾರೆ, ಸೋ ಹದಿಮೂರು ಅಂತ ಇಟ್ಕೊಳಿ. ಈಗ ಪ್ಯಾನೆಲ್ ಕಡೆಯಿಂದ ನೋಡಿ. ಒಂದು ಟೆಕ್ನಿಕಲ್ ಇಂಟರ್‌ವ್ಯೂಗೆ 25 ನಿಮಿಷ, ಮಾರ್ಕ್ಸ್ ಮತ್ತೆ ಕಾಮೆಂಟ್ಸ್ ಬರೆಯೋಕೆ 5 ನಿಮಿಷ, ಒಟ್ಟು ಅರ್ಧ ಗಂಟೆ. ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ, ಊಟ ಟೀ ಅಂತ ಒಂದು ಗಂಟೆ ಕಳೆದ್ರೆ ಒಬ್ಬರಿಗೆ 13 ಇಂಟರ್‌ವ್ಯೂ ಆಗತ್ತೆ, ನಾಲ್ಕು ಜನಕ್ಕೆ 52. ಇದಕ್ಕಿಂತ ಜಾಸ್ತಿ ಎಳೆದ್ರೆ ಸಂಜೆ ಕೂತವರಿಗೆ ಅನ್ಯಾಯ, ಪ್ಯಾನೆಲ್‌ನವರಿಗೆ ನಾಲ್ಕು ಗಂಟೆ ಮೇಲೆ ಯಾರು ಏನ್ ಹೇಳಿದ್ರು ಅನ್ನೋದೇ ನೆನಪಿರಲ್ಲ. ಅಂದ್ರೆ ನಿಮ್ಮ ಶಾರ್ಟ್‌ಲಿಸ್ಟ್ 50 ದಾಟಬಾರದು. ಟೆಸ್ಟ್ ಬರೆದವರಲ್ಲಿ ನಾಲ್ಕರಲ್ಲಿ ಒಬ್ರನ್ನ ತಗೊಳೋದು ಅಂತ ಇಟ್ಕೊಂಡ್ರೆ ಟೆಸ್ಟ್‌ಗೆ ಕೂರೋರು 200. ಐನೂರು ಜನ ಬಂದ್ರೂ ನೀವು ಇಂಟರ್‌ವ್ಯೂ ಮಾಡೋದು ಅದೇ ಐವತ್ತೇ, ಉಳಿದವರ ಒಂದು ದಿನ ಹಾಳು, ಅಷ್ಟೇ.

ಈ 200 ಅನ್ನೋದು ಬಂದು ಕೂರೋರ ಸಂಖ್ಯೆ, ರಿಜಿಸ್ಟರ್ ಆದವರದ್ದಲ್ಲ. ಪ್ಲೇಸ್‌ಮೆಂಟ್ ಆಫೀಸರ್ ಹತ್ರ ಎರಡು ವಿಷಯ ಕೇಳಿ. ಒಂದು, ರಿಜಿಸ್ಟರ್ ಮಾಡಿ ಬರ್ದೇ ಇದ್ರೆ ಮುಂದಿನ ಕಂಪನಿಗೆ ಕೂರಿಸಲ್ಲ ಅನ್ನೋ ರೂಲ್ ಇದ್ಯಾ ಅಂತ. ಅದಿದ್ದು ನಿಜವಾಗ್ಲೂ ಜಾರಿ ಮಾಡೋ ಕಾಲೇಜಲ್ಲಿ ಲಿಸ್ಟ್‌ನಲ್ಲಿರೋರು ಹೆಚ್ಚುಕಮ್ಮಿ ಎಲ್ಲಾ ಬರ್ತಾರೆ, ಇಲ್ಲದ ಕಡೆ ಲಿಸ್ಟ್‌ನ ನಂಬ್ಕೊಂಡು ಸೀಟ್ ಹಾಕ್ಸಿದ್ರೆ ಅರ್ಧ ಲ್ಯಾಬ್ ಖಾಲಿ ಹೊಡೆಯತ್ತೆ. ಎರಡು, ಈಗಾಗ್ಲೇ ಪ್ಲೇಸ್ ಆದವರಿಗೆ ಇನ್ನೊಂದು ಕಂಪನಿಗೆ ಕೂರೋಕೆ ಬಿಡ್ತಾರಾ, ಬಿಟ್ರೆ ಎಷ್ಟು ಪ್ಯಾಕೇಜ್ ಮೇಲೆ. ಕೆಲವು ಕಡೆ ಒಬ್ರಿಗೆ ಒಂದೇ ಆಫರ್, ಕೆಲವು ಕಡೆ ಕೈಲಿರೋ ಆಫರ್‌ಗಿಂತ ಇಷ್ಟು ಪಟ್ಟು ಜಾಸ್ತಿ ಇದ್ರೆ ಡ್ರೀಮ್ ಕಂಪನಿ ಅಂತ ಬಿಡ್ತಾರೆ. ನಿಮ್ಮ ಸಿಟಿಸಿ ಆ ಗೆರೆ ದಾಟಲಿಲ್ಲ ಅಂದ್ರೆ, ನಿಮಗಿಂತ ಮುಂಚೆ ಒಂದು ದೊಡ್ಡ ಸರ್ವೀಸ್ ಕಂಪನಿ ಬಂದು ನೂರು ಜನರನ್ನ ಎತ್ಕೊಂಡು ಹೋದ್ರೆ ಆ ನೂರು ಜನ ನಿಮ್ಮ ಲೆಕ್ಕದಿಂದ ಔಟ್. ಅದಕ್ಕೇ ಸಿಟಿಸಿ, ಅದ್ರಲ್ಲಿ ಕೈಗೆ ಬರೋದೆಷ್ಟು, ಬಾಂಡ್ ಇದ್ಯಾ, ಕೆಲಸ ಯಾವ ಊರಲ್ಲಿ, ಇದಿಷ್ಟನ್ನೂ ಜೆಡಿಯಲ್ಲೇ ಬರೆದು ಕಳಿಸಿ. ಬಾಂಡ್ ವಿಷಯ ಮುಚ್ಚಿಟ್ಟು, ಟೆಸ್ಟ್‌ಗೆ ಮುಂಚೆ ಕಂಪನಿ ಬಗ್ಗೆ ಹೇಳೋ ಪಿಪಿಟಿಯಲ್ಲಿ ಹೇಳಿದ್ರೆ ಅಲ್ಲೇ ಎದ್ದು ಹೋಗ್ತಾರೆ, ನಿಮ್ಮ 200 ಅಲ್ಲಿಗೆ 120 ಆಗತ್ತೆ.

ಲಿಸ್ಟ್ ವಿಷಯಕ್ಕೆ ಬರೋಣ, ಜಾಸ್ತಿ ಎಡವಟ್ಟಾಗೋದು ಇಲ್ಲೇ. ನಿಮ್ಮ ಕಡೆಯಿಂದ ಗೂಗಲ್ ಫಾರ್ಮ್ ಬಿಡ್ಬೇಡಿ, ಅದು ವಾಟ್ಸಾಪ್‌ನಲ್ಲಿ ಸುತ್ತಿ ಬೇರೆ ಕಾಲೇಜಿನವರೆಲ್ಲ ತುಂಬಿಸ್ತಾರೆ. ಪ್ಲೇಸ್‌ಮೆಂಟ್ ಸೆಲ್‌ನವರೇ ಚೆಕ್ ಮಾಡಿದ ಎಕ್ಸೆಲ್ ಕಳಿಸ್ಲಿ. ಬಂದ ತಕ್ಷಣ ಯುಎಸ್‌ಎನ್, ಅಂದ್ರೆ ವಿಟಿಯು ಸ್ಟೂಡೆಂಟ್ ನಂಬರ್ ಕಾಲಮ್ ಸಾರ್ಟ್ ಮಾಡಿ ನೋಡಿ. 4XX21CS045 ತರ ಇರೋರು ರೆಗ್ಯುಲರ್, 4XX22CS400 ತರ ಕೊನೆಯಲ್ಲಿ ನಾನೂರು ಇಲ್ಲಾ ಅದರ ಮೇಲಿನ ನಂಬರ್ ಇರೋರು ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವರು. ಇವರ ನಂಬರ್‌ನಲ್ಲಿ ಇಸವಿ ಒಂದು ವರ್ಷ ಮುಂದಿರತ್ತೆ ಆದ್ರೆ ಪಾಸ್ ಔಟ್ ಆಗೋದು ಅದೇ ಬ್ಯಾಚ್ ಜೊತೆ. ಪಿಯುಸಿ ಮಾರ್ಕ್ಸ್ ಜಾಗ ಖಾಲಿ ಇರತ್ತೆ, ಯಾಕಂದ್ರೆ ಇವರಲ್ಲಿ ಹೆಚ್ಚಿನವರು ಪಿಯುಸಿ ಓದಿರಲ್ಲ. ನೀವು "ಪಿಯುಸಿ 60% ಮೇಲೆ" ಅಂತ ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿದ್ರೆ ಇವರೆಲ್ಲ ಸೈಲೆಂಟಾಗಿ ಮಾಯ, ಲಿಸ್ಟ್ ಯಾಕೋ ಚಿಕ್ಕದಾಯ್ತಲ್ಲ ಅಂತ ನೀವು ತಲೆ ಕೆರ್ಕೊಳ್ತೀರ. ಕ್ರೈಟೀರಿಯಾದಲ್ಲೇ "ಪಿಯುಸಿ ಅಥವಾ ಡಿಪ್ಲೊಮಾ" ಅಂತ ಬರೀರಿ. ಅಂದಹಾಗೆ ಕೈಯಲ್ಲಿ ಕೆಲಸ ಬರೋರು ಇವರಲ್ಲೇ ಜಾಸ್ತಿ ಸಿಗ್ತಾರೆ, ನನ್ನ ಅನುಭವ.

ಅದೇ ತರ ಡಿಗ್ರಿಗೆ 60% ಅಂದ್ರೆ ಎಷ್ಟು ಸಿಜಿಪಿಎ ಅನ್ನೋದನ್ನೂ ಮೊದಲೇ ಮಾತಾಡ್ಕೊಳಿ. ವಿಟಿಯು 2018 ಸ್ಕೀಮ್‌ನಲ್ಲಿ ಫಾರ್ಮುಲಾ (CGPA − 0.75) × 10, ಅಂದ್ರೆ 60% ಆಗೋಕೆ 6.75 ಬೇಕು. ಸುಮ್ನೆ ಹತ್ತರಿಂದ ಗುಣಿಸಿದ್ರೆ 6.0 ಇರೋರೂ ಒಳಗೆ ಬರ್ತಾರೆ. ನೀವೊಂದು ತರ ಕಾಲೇಜೊಂದು ತರ ಲೆಕ್ಕ ಹಾಕಿದ್ರೆ ಡ್ರೈವ್ ದಿನ ಬಾಗಿಲಲ್ಲಿ ಜಗಳ. ಸ್ಕೀಮ್ ಬದಲಾದ ಹಾಗೆ ಫಾರ್ಮುಲಾನೂ ಬದಲಾಗತ್ತೆ, ಹಾಗಾಗಿ ಪರ್ಸೆಂಟೇಜ್ ಬಿಟ್ಟು "ಸಿಜಿಪಿಎ ಇಷ್ಟು" ಅಂತ ನೇರವಾಗಿ ಹೇಳಿಬಿಡೋದು ವಾಸಿ.

ಈಗ ರೂಮು. 200 ಜನಕ್ಕೆ ಟೆಸ್ಟ್ ಅಂದ್ರೆ ಲ್ಯಾಬ್. "ಎರಡು ಲ್ಯಾಬ್ ಇದೆ ಮೇಡಂ, ಒಂದೊಂದರಲ್ಲಿ ಅರವತ್ತು ಸಿಸ್ಟಮ್" ಅಂತಾರೆ, ಸುಳ್ಳೇನಲ್ಲ, ಅರವತ್ತು ಇರತ್ತೆ. ಒಂದರ ಕೀಬೋರ್ಡ್ ಕೆಲಸ ಮಾಡಲ್ಲ, ಇನ್ನೊಂದಕ್ಕೆ ಲ್ಯಾನ್ ಕೇಬಲ್ ಇಲ್ಲ, ಮೂಲೆಯ ಸಾಲು ಯುಪಿಎಸ್ ಮೇಲಿಲ್ಲ. ಲ್ಯಾಬ್ ಇನ್‌ಸ್ಟ್ರಕ್ಟರ್ ನಂಬರ್ ಈಸ್ಕೊಂಡು ಅವರನ್ನೇ ಕೇಳಿ, ನಿಜವಾದ ನಂಬರ್ ಗೊತ್ತಿರೋದು ಅವರಿಗೇ. ಅವರು 52 ಅಂದ್ರೆ ನೀವು 50 ಅಂತ ಹಿಡೀರಿ, ಎರಡು ಸ್ಪೇರ್. ಅಲ್ಲಿಗೆ ಒಂದು ಸಲಕ್ಕೆ 100, ಒಟ್ಟು ಎರಡು ಬ್ಯಾಚ್, ಎರಡಕ್ಕೂ ಬೇರೆ ಬೇರೆ ಕ್ವೆಶ್ಚನ್ ಸೆಟ್.

ಡ್ರೈವ್‌ಗೆ ಒಂದು ವಾರ ಮುಂಚೆ ಅದೇ ಲ್ಯಾಬ್‌ನಲ್ಲಿ, ಸ್ಟೂಡೆಂಟ್ ಲಾಗಿನ್‌ನಲ್ಲೇ, ಹತ್ತು ಸಿಸ್ಟಮ್‌ನಲ್ಲಿ ಡೆಮೊ ಟೆಸ್ಟ್ ಓಪನ್ ಮಾಡ್ಸಿ. ಮುಖ್ಯವಾಗಿ ನೋಡ್ಬೇಕಾಗಿರೋದು ಕಾಲೇಜ್ ಫೈರ್‌ವಾಲ್ ನಿಮ್ಮ ಟೆಸ್ಟ್ ಸೈಟ್‌ನ ಬ್ಲಾಕ್ ಮಾಡ್ತಿದ್ಯಾ ಅನ್ನೋದು. ಹೊರಗಿಂದ ನೋಡಿದ್ರೆ ಇಡೀ ಲ್ಯಾಬ್ ಒಂದೇ ಐಪಿ ಅಡ್ರೆಸ್‌ನಲ್ಲಿ ಕಾಣತ್ತೆ, ನೂರು ಜನ ಒಂದೇ ನಿಮಿಷದಲ್ಲಿ ಲಾಗಿನ್ ಆದ್ರೆ ಕೆಲವು ಪ್ಲಾಟ್‌ಫಾರ್ಮ್‌ಗಳು ಅದನ್ನ ಅಟ್ಯಾಕ್ ಅಂದ್ಕೊಂಡು ತಡೆಯತ್ತೆ, ಆ ಐಪಿ ಪ್ಲಾಟ್‌ಫಾರ್ಮ್‌ನವರಿಗೆ ಮೊದಲೇ ಕೊಟ್ಟಿಡಿ. ಹತ್ತು ಸಿಸ್ಟಮ್‌ನ ಡೆಮೊದಲ್ಲಿ ಇದು ಗೊತ್ತಾಗಲ್ಲ ಅಂತಲೇ ಹೇಳ್ತಿದೀನಿ. ಇನ್ನೊಂದು, ಪ್ರಾಕ್ಟರಿಂಗ್‌ಗೆ ಕ್ಯಾಮೆರಾ ಕಡ್ಡಾಯ ಅಂತ ಇಟ್ಟಿದ್ರೆ ಲ್ಯಾಬ್ ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾನೇ ಇರಲ್ಲ, ಅದನ್ನ ಆಫ್ ಮಾಡಿ ಲ್ಯಾಬ್‌ಗೆ ಇಬ್ಬರು ಲೆಕ್ಚರರ್ಸ್‌ನ ನಿಲ್ಲಿಸೋಕೆ ಕೇಳ್ಕೊಳಿ.

ಇಂಟರ್‌ವ್ಯೂಗೆ ನಾಲ್ಕು ರೂಮು, ಎಚ್‌ಆರ್‌ಗೆ ಒಂದು, ಎಲ್ಲಾ ಒಂದೇ ಫ್ಲೋರ್‌ನಲ್ಲಿ. ಜೊತೆಗೆ ಹುಡುಗ್ರು ಕಾಯೋಕೆ ಸೆಮಿನಾರ್ ಹಾಲ್. ಪ್ಲೇಸ್‌ಮೆಂಟ್ ಬ್ಲಾಕ್‌ನಲ್ಲಿ ಸಾಲಾಗಿ ಪಾರ್ಟಿಶನ್ ಕ್ಯಾಬಿನ್ ಇರತ್ತೆ, ಫೋಟೋದಲ್ಲಿ ಚೆನ್ನಾಗೇ ಕಾಣತ್ತೆ, ಮೇಲೆ ಸೀಲಿಂಗ್‌ವರೆಗೆ ಮುಚ್ಚಿದ್ಯಾ ಅಂತ ಕೇಳಿ. ಮುಚ್ಚಿಲ್ಲ ಅಂದ್ರೆ ಪಕ್ಕದಲ್ಲಿ ಕೇಳಿದ ಪ್ರಶ್ನೆ ಇಲ್ಲಿ ಕಾಯ್ತಿರೋರಿಗೆಲ್ಲ ಕೇಳಿಸ್ತಿರತ್ತೆ.

ಕೊನೆಗೆ ಡೇಟು. ನಿಮಗೆ ಬೇಕಾಗಿರೋದು ಬೆನ್ನಿಗೆ ಬೆನ್ನು ಎರಡು ದಿನ, ಮೊದಲ ದಿನ ಟೆಸ್ಟ್, ಎರಡನೇ ದಿನ ಇಂಟರ್‌ವ್ಯೂ. ಬೆಳಗ್ಗೆ ಬೆಂಗಳೂರು ಬಿಟ್ರೆ ಮಧ್ಯಾಹ್ನಕ್ಕೆ ಸೇರ್ತೀರ, ಒಂದೂವರೆಗೆ ಪಿಪಿಟಿ, ಎರಡೂವರೆಗೆ ಮೊದಲ ಬ್ಯಾಚ್, ನಾಲ್ಕೂಕಾಲಿಗೆ ಎರಡನೇದು, ರಾತ್ರಿ ಶಾರ್ಟ್‌ಲಿಸ್ಟ್. ಪ್ಲೇಸ್‌ಮೆಂಟ್ ಸೆಲ್‌ಗೆ ಮೂರು ಜೊತೆ ಡೇಟ್ ಕೊಡಿ, ಒಂದೇ ಕೊಡ್ಬೇಡಿ. ಅವರು ನೋಡೋದು ಇಂಟರ್ನಲ್ಸ್ ಇದ್ಯಾ, ಬೇರೆ ಕಂಪನಿ ಇದ್ಯಾ ಅಂತ. ನೀವು ಬಾಯ್ಬಿಟ್ಟು ಕೇಳ್ಬೇಕಾಗಿರೋದು ಆ ದಿನ ಜೂನಿಯರ್ಸ್ ಪ್ರಾಕ್ಟಿಕಲ್ ಎಕ್ಸಾಮ್ ಇದ್ಯಾ ಅಂತ, ಯಾಕಂದ್ರೆ ಏಳನೇ ಸೆಮ್‌ನವರು ಫ್ರೀ ಇದ್ರೂ ಲ್ಯಾಬ್ ಫ್ರೀ ಇರಲ್ಲ, ಪ್ರಾಕ್ಟಿಕಲ್ ನಡೀತಿದ್ರೆ ಪ್ರಿನ್ಸಿಪಾಲ್ ಹೇಳಿದ್ರೂ ಲ್ಯಾಬ್ ಸಿಗಲ್ಲ. ಹಬ್ಬದ ಅಕ್ಕಪಕ್ಕ, ಸೋಮವಾರ ಬೇಡ, ಹಾಸ್ಟೆಲ್ ಹುಡುಗ್ರು ಊರಿಂದ ಬಂದಿರಲ್ಲ. ಬುಧವಾರ ಗುರುವಾರ ನನಗೆ ಇಷ್ಟ.

ಕಾಲೇಜ್ ಬಸ್ ಎಷ್ಟು ಗಂಟೆಗೆ ಬಿಡತ್ತೆ ಅಂತಲೂ ಕೇಳಿ. ನಾಲ್ಕೂವರೆಗೆ ಬಿಡತ್ತೆ ಅಂದ್ರೆ ಮನೆಯಿಂದ ಓಡಾಡೋರನ್ನ ಮೊದಲ ಬ್ಯಾಚ್‌ಗೆ, ಹಾಸ್ಟೆಲ್‌ನವರನ್ನ ಎರಡನೇದಕ್ಕೆ ಹಾಕ್ಸಿ. ಯುಎಸ್‌ಎನ್ ಪ್ರಕಾರ ಬ್ಯಾಚ್ ಮಾಡಿದ್ರೆ ಹಳ್ಳಿಯಿಂದ ಬರೋ ಹುಡುಗಿ ಒಬ್ಳು ಗಡಿಯಾರ ನೋಡ್ಕೊಂಡೇ ಟೆಸ್ಟ್ ಬರೀತಿರ್ತಾಳೆ, ಅರ್ಧಕ್ಕೆ ಎದ್ದು ಹೋದ್ರೂ ಆಶ್ಚರ್ಯ ಇಲ್ಲ.

ಫೋನಲ್ಲಿ ಏನೇ ಒಪ್ಕೊಂಡ್ರೂ ಅದೇ ದಿನ ಮೇಲ್ ಹಾಕಿ, ಡೇಟು, ಲ್ಯಾಬ್ ಹೆಸರು, ರೂಮ್ ನಂಬರು, ಜನರ ಸಂಖ್ಯೆ, ಲಿಸ್ಟ್ ಯಾವತ್ತು ಕ್ಲೋಸ್ ಅಂತ. ನಾನು ಲಿಸ್ಟ್‌ನ ನಾಲ್ಕು ದಿನ ಮುಂಚೆ ಕ್ಲೋಸ್ ಮಾಡ್ತೀನಿ, ಟೆಸ್ಟ್ ಲಿಂಕ್ ಹೋಗಿ ತಪ್ಪು ಮೇಲ್ ಐಡಿಯೆಲ್ಲ ವಾಪಸ್ ಬೌನ್ಸ್ ಆಗಿ ಸರಿ ಮಾಡೋಕೆ ಅಷ್ಟು ಟೈಮ್ ಬೇಕು. "ಇನ್ನೊಂದು ಹತ್ತು ಜನ ಸೇರಿಸ್ಕೊಳಿ ಮೇಡಂ" ಅಂತ ಹಿಂದಿನ ರಾತ್ರಿ ಮೆಸೇಜ್ ಬಂದೇ ಬರತ್ತೆ, ಸ್ಪೇರ್ ಸಿಸ್ಟಮ್ ಲೆಕ್ಕ ನೋಡಿ ಹೂಂ ಅನ್ನಿ ಅಥವಾ ಇಲ್ಲ ಅನ್ನಿ.

ಎರಡನೇ ದಿನ ಸಂಜೆ ಕಾಲೇಜ್ ಬಿಡೋ ಮುಂಚೆ ಸೆಲೆಕ್ಟ್ ಆದವರ ಲಿಸ್ಟ್‌ಗೆ ಸೈನ್ ಹಾಕಿ ಕೊಟ್ಟು ಹೊರಡಿ. ಆಫೀಸಿಗೆ ಹೋಗಿ ಹೇಳ್ತೀವಿ ಅಂದ್ರೆ, ಅಷ್ಟರಲ್ಲಿ ಮುಂದಿನ ಕಂಪನಿ ಬಂದು ನಿಮ್ಮ ಹದಿಮೂರರಲ್ಲಿ ಐದು ಜನ ಅಲ್ಲಿ ಕೂತಿರ್ತಾರೆ. ವೇಟ್‌ಲಿಸ್ಟ್ ಇಡೋದಾದ್ರೆ ನಾಲ್ಕೈದು ಹೆಸರು ಸಾಕು, ಆದ್ರೆ ಇಂಥ ತಾರೀಖಿನೊಳಗೆ ಹೇಳ್ತೀವಿ ಅಂತ ಬರೆದು ಕೊಡಿ, ಅಲ್ಲೀವರೆಗೆ ಅವರನ್ನ ಬೇರೆ ಕಂಪನಿಗೆ ಕೂರಿಸ್ಬಹುದು ಅಂತಲೂ ಅದರಲ್ಲೇ ಬರೀರಿ.