ಸರತಿಯ ಕೊನೆಯಲ್ಲಿ ನಿಂತವನಿಗೆ ಸಿಗುವ ಟಿಕ್

ಪ್ರಶ್ನೆ: "ಕುದುರೆ ಓಟ ಶುರುವಾಗುವ ಮೊದಲು ಬೆಟ್ಟಿಂಗ್ ಎಕ್ಸ್‌ಚೇಂಜಿನಲ್ಲಿ ಒಂದು ಟಿಕ್‌ಗಾಗಿ ಸ್ಕ್ಯಾಲ್ಪ್ ಮಾಡುತ್ತೇನೆ, ಅಂದರೆ ದರ ಅತಿ ಚಿಕ್ಕ ಒಂದು ಹೆಜ್ಜೆ ಸರಿದಾಗ ಸಿಗುವ ಲಾಭ ಹಿಡಿಯುತ್ತೇನೆ. ದರ ನನ್ನ ಕಡೆ ತಿರುಗುವಾಗ ನನ್ನ ಆರ್ಡರ್ ಮ್ಯಾಚ್ ಆಗುವುದೇ ಇಲ್ಲ, ವಿರುದ್ಧ ಹೋಗುವಾಗ ಮಾತ್ರ ಪೂರ್ತಿ ಆಗುತ್ತದೆ. ಯಾಕೆ?"

ಇದು ದುರದೃಷ್ಟವಲ್ಲ, ಸರತಿಯ ಕೊನೆಯಲ್ಲಿ ನಿಲ್ಲುವುದರ ನೇರ ಪರಿಣಾಮ. ಒಂದೇ ದರದಲ್ಲಿ ಕಾಯುತ್ತಿರುವ ಆರ್ಡರ್‌ಗಳಲ್ಲಿ ಮೊದಲು ಬಂದದ್ದು ಮೊದಲು ಮ್ಯಾಚ್ ಆಗುತ್ತದೆ. ನೀವು 2.50ಕ್ಕೆ ಬ್ಯಾಕ್ ಮಾಡಲು, ಅಂದರೆ ಕುದುರೆ ಗೆಲ್ಲುತ್ತದೆಂದು ಬಾಜಿ ಕಟ್ಟಲು, ಕಾಯುತ್ತಿದ್ದೀರಿ ಎಂದುಕೊಳ್ಳಿ. ಆ ದರಕ್ಕೆ ಲೇ ಮಾಡಲು, ಅಂದರೆ ಅದು ಗೆಲ್ಲುವುದಿಲ್ಲವೆಂದು ಎದುರು ಬಾಜಿ ಕಟ್ಟಲು, ಒಪ್ಪಿ ಬಂದವರು ನಿಮ್ಮ ಮುಂದಿನವರನ್ನೆಲ್ಲ ಮುಗಿಸಿದ ಮೇಲೆಯೇ ನಿಮ್ಮನ್ನು ತಲುಪುತ್ತಾರೆ. ಅಷ್ಟು ಹೊತ್ತಿಗೆ 2.50ರಲ್ಲಿ ಯಾರೂ ಉಳಿದಿರುವುದಿಲ್ಲ, ಮಾರುಕಟ್ಟೆ 2.52ಕ್ಕೆ ಏರಿರುತ್ತದೆ. ನೀವು ಬೇಡಿದ ಬ್ಯಾಕ್ ಸಿಕ್ಕಿತು, ಆದರೆ ಸಿಕ್ಕ ಕ್ಷಣವೇ ಒಂದು ಟಿಕ್ ಹಿಂದೆ ಬಿದ್ದಿರಿ.

ಸರತಿಯ ಮುಂಭಾಗದಲ್ಲಿ ನಿಂತವನ ಸ್ಥಿತಿಯೇ ಬೇರೆ. ಅವನ ಆರ್ಡರ್ ಮ್ಯಾಚ್ ಆದಾಗ ಅವನ ಹಿಂದೆ ಇನ್ನೂ ಸಾಕಷ್ಟು ಹಣ ಅದೇ 2.50ರಲ್ಲಿ ಬ್ಯಾಕ್ ಮಾಡಲು ಕಾಯುತ್ತಿರುತ್ತದೆ. 2.48ಕ್ಕೆ ಲೇ ಇಟ್ಟು ನೋಡಬಹುದು. ಲಕ್ಷಣ ಸರಿ ಕಾಣದಿದ್ದರೆ ಆ ಹಣದ ಎದುರೇ 2.50ಕ್ಕೆ ಲೇ ಮಾಡಿ ನಷ್ಟವಿಲ್ಲದೆ ಹೊರಬರಬಹುದು. ನನ್ನ ಅನುಭವದಲ್ಲಿ ಸ್ಕ್ಯಾಲ್ಪಿಂಗ್‌ನ ಲಾಭವನ್ನು ಉಳಿಸುವುದು ಈ ಬಾಗಿಲೇ. ಆದ್ದರಿಂದ ಮುಂದೆ ಎಷ್ಟಿದೆ ಎಂಬುದರಷ್ಟೇ, ಹಿಂದೆ ಎಷ್ಟಿದೆ ಎಂಬುದನ್ನೂ ನಾನು ಎಣಿಸುತ್ತೇನೆ.

ಎಣಿಸುವ ಕ್ರಮ ಹೀಗೆ. ನೀವು 100 ಪೌಂಡ್ ಇಟ್ಟಾಗ ಮುಂದೆ 1,800 ಇತ್ತು, ನಂತರ ಹಿಂದೆ 400 ಸೇರಿತು, ಒಟ್ಟು 2,300. ಸ್ವಲ್ಪ ಹೊತ್ತಿನ ಮೇಲೆ, ಪ್ರತಿ ದರದಲ್ಲಿ ಕಾಯುತ್ತಿರುವ ಹಣ ತೋರಿಸುವ ಲ್ಯಾಡರ್‌ನಲ್ಲಿ 1,000 ಮಾತ್ರ ಕಾಣುತ್ತಿದೆ, ಆ ದರದಲ್ಲಿ ಈ ಅವಧಿಯಲ್ಲಿ ನಡೆದ ವಹಿವಾಟು 1,100. ಹಾಗಾದರೆ ಉಳಿದ 200 ಪೌಂಡ್ ಆರ್ಡರ್ ರದ್ದಾಗಿ ಹೋಗಿದೆ. ರದ್ದಾದದ್ದು ಮುಂದಿನದೋ ಹಿಂದಿನದೋ ತಿಳಿಯುವುದಿಲ್ಲವಾದ್ದರಿಂದ ಕೆಟ್ಟದ್ದನ್ನೇ ಹಿಡಿಯಿರಿ: ಮುಂದೆ 700, ಹಿಂದೆ 200. ಹಿಂದಿನ ಮೊತ್ತ ಹೀಗೆ ಕರಗುತ್ತಿರುವಾಗ ನಾನು ಆರ್ಡರ್ ಹಿಂತೆಗೆದುಕೊಳ್ಳುತ್ತೇನೆ. ವಹಿವಾಟಿನ ಅಂಕಿ ಎರಡೂ ಬದಿಯ ಹಣವನ್ನು ಸೇರಿಸಿ ತೋರಿಸುತ್ತಿದ್ದರೆ ಅದನ್ನು ಅರ್ಧ ಮಾಡಿಕೊಳ್ಳಲು ಮರೆಯಬೇಡಿ. ಇನ್ನೊಂದು ವಿಷಯ: ಬೆಟ್‌ಫೇರ್‌ನಲ್ಲಿ ಆರ್ಡರ್‌ನ ಮೊತ್ತವನ್ನು ಇಳಿಸಿದರೆ ಸರತಿಯ ಜಾಗ ಉಳಿಯುತ್ತದೆ, ಆದರೆ ದರ ಬದಲಿಸಿದರೆ ಹೊಸ ದರದ ಸರತಿಯಲ್ಲಿ ಕೊನೆಗೆ ಹೋಗಬೇಕಾಗುತ್ತದೆ. ಅನುಮಾನ ಬಂದಾಗಲೆಲ್ಲ ದರ ಎಳೆದಾಡುವವರು ಗಂಟೆಗಟ್ಟಲೆ ಸರತಿಯ ಬಾಲದಲ್ಲೇ ಉಳಿಯುತ್ತಾರೆ.

ಇನ್ನು ಹಣ ತೆಳುವಾಗಿರುವ ಮಾರುಕಟ್ಟೆಯ ಮಾತು. 2.50ಕ್ಕೆ 100 ಬ್ಯಾಕ್ ಆದ ಮೇಲೆ 2.48ಕ್ಕೆ ಗ್ರೀನ್ ಅಪ್ ಮಾಡಲು 100 × 2.50 ÷ 2.48, ಅಂದರೆ 100.81 ಪೌಂಡ್ ಲೇ ಮಾಡಬೇಕು. ಕುದುರೆ ಗೆದ್ದರೂ ಸೋತರೂ ಸುಮಾರು 81 ಪೆನ್ಸ್ ಉಳಿಯುತ್ತದೆ, ಅದೂ ಕಮಿಷನ್‌ಗೆ ಮೊದಲು. ಈಗ ದರ ವಿರುದ್ಧ ತಿರುಗಿತು, 2.52ರಲ್ಲಿ ನಿಮ್ಮ ಲೇ ತೆಗೆದುಕೊಳ್ಳಲು 30 ಪೌಂಡ್ ಮಾತ್ರ ಇದೆ, ಅದರ ಆಚೆಗಿನ ಹಣ ನೇರ 2.58ರಲ್ಲಿದೆ ಎನ್ನಿ. ಮೊದಲ 30 ಅಲ್ಲಿ, ಉಳಿದ 67.60 ಇಲ್ಲಿ ಲೇ ಮಾಡಿದರೆ ಎರಡೂ ಫಲಿತಾಂಶದಲ್ಲಿ ನಷ್ಟ ಸುಮಾರು 2.40 ಪೌಂಡ್. ಮೂರು ಯಶಸ್ವಿ ಸ್ಕ್ಯಾಲ್ಪ್‌ಗಳ ಲಾಭ ಒಂದೇ ಏಟಿಗೆ ಹೋಯಿತು. ಆದ್ದರಿಂದ ಒಳಗೆ ಹೋಗುವ ಮೊತ್ತವನ್ನು ನಾನು ನಿರ್ಧರಿಸುವುದು ಹೊರಬರುವ ಕಡೆಯ ಮೊದಲ ಎರಡು ದರಗಳಲ್ಲಿ ಕಾಣುವ ಹಣವನ್ನು ನೋಡಿ. ಅಲ್ಲಿ ನನ್ನ ಮೊತ್ತದ ಹಲವು ಪಟ್ಟು ಇಲ್ಲದಿದ್ದರೆ ಆ ಓಟವನ್ನು ಬಿಟ್ಟುಬಿಡುತ್ತೇನೆ.

ಆರ್ಡರ್ ಭಾಗಶಃ ಮಾತ್ರ ಮ್ಯಾಚ್ ಆದಾಗ ಕೇಳಿದ ಮೊತ್ತವನ್ನಲ್ಲ, ಮ್ಯಾಚ್ ಆದ ಮೊತ್ತವನ್ನೇ ಲೆಕ್ಕಕ್ಕೆ ಹಿಡಿಯಬೇಕು. 100ರಲ್ಲಿ 40 ಮಾತ್ರ ಸಿಕ್ಕಿದ್ದರೆ ಲೇ 40.32. ಇದರ ಜೊತೆಗೆ ಉಳಿದ 60ನ್ನು ಮೊದಲು ರದ್ದು ಮಾಡಿ. ಒಮ್ಮೆ ನಾನು ಲೇ ಇಟ್ಟ ಮೇಲೆ ರದ್ದು ಮಾಡಲು ಹೋದೆ. ಅಷ್ಟರಲ್ಲಿ ಆ 60 ಮ್ಯಾಚ್ ಆಗಿ, ಗ್ರೀನ್ ಎಂದುಕೊಂಡಿದ್ದ ಸ್ಥಿತಿ ಮತ್ತೆ ತೆರೆದುಕೊಂಡಿತ್ತು.

ಓಟ ಶುರುವಾಗುವ ಹೊತ್ತಿಗೆ ಮ್ಯಾಚ್ ಆಗದ ಆರ್ಡರ್‌ಗಳು, ಇನ್‌ಪ್ಲೇಗೆ ಉಳಿಸಿಕೊಳ್ಳುವಂತೆ ನೀವು ಹೇಳದಿದ್ದರೆ, ಸಾಮಾನ್ಯವಾಗಿ ರದ್ದಾಗುತ್ತವೆ. ಆಗ ನಿಮ್ಮ 2.48ರ ಲೇ ಮಾಯವಾಗಿ ಬರಿಯ ಬ್ಯಾಕ್ ಉಳಿಯುತ್ತದೆ, ಅಂದರೆ ಒಂದು ಟಿಕ್‌ಗಾಗಿ ಇಟ್ಟ 100 ಪೌಂಡ್ ಇಡೀ ಓಟದ ಮೇಲಿನ ಬಾಜಿಯಾಗುತ್ತದೆ. ಕುದುರೆಗಳು ಗೇಟಿನೊಳಗೆ ಸೇರತೊಡಗಿದಾಗ ನಾನು ಹೊಸ ಆರ್ಡರ್ ಇಡುವುದಿಲ್ಲ, ತೆರೆದಿರುವುದನ್ನು ಸಿಕ್ಕ ದರಕ್ಕೆ ಮುಚ್ಚುತ್ತೇನೆ.