ಗಡಿಯಾರ ಶುರುವಾಗುವುದು ಯಾವಾಗ?

ಸಂಪಾದಕರಿಗೆ ನಮಸ್ಕಾರ. ನನ್ನ ತಮ್ಮ ಅಂಧೇರಿಯ ಒಂದು ಹೋಟೆಲಲ್ಲಿ ಕೆಲಸಕ್ಕಿದ್ದಾನೆ. ಗಲ್ಲಾದ ಹಣ ಕಳುವಾಗಿದೆ ಅಂತ ಶನಿವಾರ ರಾತ್ರಿ ಒಂಬತ್ತೂವರೆಗೆ ಪೊಲೀಸರು ಕರೆದುಕೊಂಡು ಹೋದರು. ‘ಸುಮ್ನೆ ವಿಚಾರಣೆಗೆ’ ಅಂದರು. ಬೆಳಗಿನವರೆಗೂ ಬಿಡಲಿಲ್ಲ. ಭಾನುವಾರ ಹನ್ನೊಂದೂವರೆಗೆ ಅರೆಸ್ಟ್ ಅಂತ ಬರೆದರು. ಸೋಮವಾರ ಹನ್ನೊಂದೂಕಾಲಿಗೆ ಕೋರ್ಟಿಗೆ ತಂದರು. ಮರಾಠಿ ಕಾಗದಕ್ಕೆ ಸೈನ್ ಹಾಕಿಸಿಕೊಂಡಿದ್ದಾರೆ, ಕಾಪಿ ಕೊಟ್ಟಿಲ್ಲ. ಅವನಿಗೆ ಕನ್ನಡ, ತುಳು ಬರುತ್ತದೆ, ಹಿಂದಿ ಅಷ್ಟಕ್ಕಷ್ಟೆ. ಈಗ ಜೈಲಲ್ಲಿದ್ದಾನೆ. ‘24 ಗಂಟೆ ದಾಟಿಲ್ಲ, ಎಲ್ಲ ಸರಿಯಾಗಿಯೇ ಇದೆ’ ಎನ್ನುತ್ತಾರೆ. ಹೌದಾ?
— ಒಬ್ಬ ಅಕ್ಕ, ಅಂಧೇರಿ

ಪ್ರಿಯ ಸಹೋದರಿ,

ಸರಿಯಾಗಿಲ್ಲ. ಕಾಗದದ ಲೆಕ್ಕ ಸರಿಯಾಗಿದೆ ಅಷ್ಟೆ. ಭಾನುವಾರ 11.30ರಿಂದ ಸೋಮವಾರ 11.15ಕ್ಕೆ ಇಪ್ಪತ್ಮೂರು ಮುಕ್ಕಾಲು ಗಂಟೆ. ನೋಡಿದವರಿಗೆ ಏನೂ ತಪ್ಪು ಕಾಣುವುದಿಲ್ಲ. ಆದರೆ ಆ ಲೆಕ್ಕ ಶುರುವಾಗಿರುವುದೇ ತಪ್ಪು ಜಾಗದಿಂದ.

ಸಂವಿಧಾನದ 22ನೇ ವಿಧಿ ಹೇಳುವುದು ಇಷ್ಟು: ಬಂಧಿಸಿದವರನ್ನು 24 ಗಂಟೆಯೊಳಗೆ ಹತ್ತಿರದ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಠಾಣೆಯಿಂದ ಕೋರ್ಟಿಗೆ ಹೋಗುವ ದಾರಿಯ ಸಮಯ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಹಾಗಾದರೆ ಬಂಧನ ಆದದ್ದು ಯಾವಾಗ? ಪೊಲೀಸರು ಪೆನ್ನು ಎತ್ತಿಕೊಂಡಾಗಲೋ, ಮನುಷ್ಯ ಎದ್ದು ಮನೆಗೆ ಹೋಗಲಾರದ ಹಾಗಾದಾಗಲೋ? ನಮ್ಮ ಬಾಂಬೆ ಹೈಕೋರ್ಟ್ 1990ರಲ್ಲೇ ಇದಕ್ಕೆ ಉತ್ತರ ಹೇಳಿದೆ. ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡಿದ್ದ ಒಬ್ಬರ ಪ್ರಕರಣ ಅದು. ಸ್ವಾತಂತ್ರ್ಯಕ್ಕೆ ತಡೆ ಬಿದ್ದ ಕ್ಷಣದಿಂದಲೇ ಬಂಧನ ಶುರು, ಅಧಿಕಾರಿ ಬರೆದುಕೊಂಡ ಸಮಯದಿಂದಲ್ಲ ಎಂದಿತು ಕೋರ್ಟು. 2025ರಲ್ಲಿ ಇ.ಡಿ. ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೂಡ ಹಾಗೇ ಮಾಡಿತು. ಬಂಧನ ಪತ್ರದ ಸಮಯವನ್ನು ಬದಿಗಿಟ್ಟು, ಆ ವ್ಯಕ್ತಿ ನಿಜವಾಗಿ ವಶಕ್ಕೆ ಹೋದ ಗಳಿಗೆಯಿಂದ ಎಣಿಸಿತು.

ಹಾಗೆ ಎಣಿಸಿದರೆ ನಿಮ್ಮ ತಮ್ಮನ ಗಡಿಯಾರ ಶನಿವಾರ ರಾತ್ರಿ 9.30ಕ್ಕೇ ಶುರುವಾಗಿದೆ. ಭಾನುವಾರ ರಾತ್ರಿ 9.30ಕ್ಕೆ ಗಡುವು ಮುಗಿದಿದೆ. ಕೋರ್ಟು ಕಂಡದ್ದು ಅದಾಗಿ ಹದಿಮೂರು ಮುಕ್ಕಾಲು ಗಂಟೆಯ ನಂತರ. ‘ಭಾನುವಾರ ಕೋರ್ಟ್ ಇರಲಿಲ್ಲ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮುಂಬಯಿಯಲ್ಲಿ ರಜಾದಿನಗಳಲ್ಲೂ ರಿಮಾಂಡ್‌ಗೆಂದೇ ಹಾಲಿಡೇ ಕೋರ್ಟ್ ಕೂರುತ್ತದೆ.

‘ಅವನೇ ವಿಚಾರಣೆಗೆ ಬಂದಿದ್ದ, ಬೇಕಿದ್ದರೆ ಹೋಗಬಹುದಿತ್ತು’ ಎಂದು ಪೊಲೀಸರು ಹೇಳಬಹುದು. ನಮ್ಮ ಇಡೀ ವಾದ ನಿಂತಿರುವುದೇ ಈ ಪ್ರಶ್ನೆಯ ಮೇಲೆ. ಅವನನ್ನು ಹೋಗಲು ಬಿಡಲಿಲ್ಲ ಎಂಬುದಕ್ಕೆ ಸಾಕ್ಷಿ ಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಆ ಮರಾಠಿ ಕಾಗದ. ಅಂಥ ಕಾಗದಗಳನ್ನು ಹಿಡಿದುಕೊಂಡು ‘ಇದರಲ್ಲಿ ಏನು ಬರೆದಿದೆ ಸಾರ್’ ಎಂದು ನಮ್ಮ ಕಚೇರಿಗೆ ಬಂದವರಿದ್ದಾರೆ. ಅಚ್ಚಾದ ನಮೂನೆ, ನಡುವೆ ಬಾಲ್‌ಪೆನ್ನಿನಲ್ಲಿ ತುಂಬಿದ ಸಾಲುಗಳು. ‘ಅಟಕ’ ಎಂದರೆ ಬಂಧನ. ‘ವೇಳ’ ಎಂದಿರುವ ಕಡೆ ನಮ್ಮ ‘ವೇಳೆ’ಯೇ, ಬಂಧಿಸಿದ ಸಮಯ. ‘ಅಟಕೇಚೀ ಕಾರಣೇ’ ಎಂದಿದ್ದರೆ ಬಂಧನದ ಕಾರಣಗಳು. ಕಾಪಿ ಕೈಗೆ ಬಂದಾಗ ಈ ಕೊನೆಯದನ್ನು ಮೊದಲು ಹುಡುಕಿ.

ಅಲ್ಲಿ ಕಾನೂನಿನ ಸೆಕ್ಷನ್ ನಂಬರು ಮತ್ತು ‘ಸಾಕ್ಷ್ಯ ನಾಶ ಮಾಡಬಾರದೆಂದು’, ‘ತನಿಖೆಗೆ ಬೇಕಾಗಿದೆ’ ಎಂಬಂಥ ಸಾಲು ಮಾತ್ರ ಇದ್ದರೆ ಅದು ಸಾಲದು. ಆ ಮಾತನ್ನು ಯಾವ ಆರೋಪಿಯ ಕಾಗದದಲ್ಲಾದರೂ ಬರೆಯಬಹುದು, ಅಲ್ವಾ? 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಎಲ್ಲರಿಗೂ ಹೊಂದುವ ಮಾತು ಬೇರೆ, ಈ ಒಬ್ಬನನ್ನು ಯಾಕೆ ಹಿಡಿದೆವು ಎಂಬ ಆಧಾರ ಬೇರೆ. ಯಾವ ದಿನದ ಹಣ, ಎಷ್ಟು, ಯಾರು ದೂರು ಕೊಟ್ಟರು, ನಿಮ್ಮ ತಮ್ಮನ ಮೇಲೆ ಅನುಮಾನ ಬಂದದ್ದು ಯಾಕೆ, ಇವೆಲ್ಲ ಅಲ್ಲಿರಬೇಕು. ಅದು ಗೊತ್ತಿದ್ದರೆ ತಾನೇ ‘ಆ ದಿನ ನನಗೆ ರಜೆ ಇತ್ತು’ ಎಂದು ಅವನು ಮ್ಯಾಜಿಸ್ಟ್ರೇಟರಿಗೆ ಹೇಳಲು ಸಾಧ್ಯ! ‘ಚೋರಿ ಕೇಸ್’ ಎಂದಷ್ಟೇ ಗೊತ್ತಿದ್ದವನು ಕೋರ್ಟಲ್ಲಿ ಕೈಮುಗಿದು ನಿಲ್ಲುವುದು ಬಿಟ್ಟು ಇನ್ನೇನು ಮಾಡಿಯಾನು?

ಇನ್ನು ಭಾಷೆ. ವರ್ಳಿಯಲ್ಲಿ 2024ರಲ್ಲಿ ನಡೆದ ಕಾರು ಅಪಘಾತ ನಿಮಗೂ ನೆನಪಿರಬಹುದು. ಆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ನವೆಂಬರ್ 6ರಂದು ಬಂದ ತೀರ್ಪು ಮುಂಬಯಿಯ ನಮ್ಮವರಿಗೆ ತುಂಬ ಬೇಕಾದದ್ದು. ಅಪರಾಧ ಯಾವುದೇ ಇರಲಿ, ಬಂಧನದ ಕಾರಣಗಳನ್ನು ಬರವಣಿಗೆಯಲ್ಲಿ ಕೊಡಬೇಕು. ಅದೂ ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ. ಆ ಕ್ಷಣದಲ್ಲಿ ಬರೆದುಕೊಡಲು ಆಗದಿದ್ದರೆ ಬಾಯಲ್ಲಿ ಹೇಳಬಹುದು. ಆದರೆ ರಿಮಾಂಡ್‌ಗೆ ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲಾದರೂ ಬರಹ ಕೈಸೇರಬೇಕು. ಅಂದರೆ ಸೋಮವಾರ ಬೆಳಿಗ್ಗೆ 9.15ರೊಳಗೆ ನಿಮ್ಮ ತಮ್ಮನ ಕೈಯಲ್ಲಿ ಕನ್ನಡದ ಕಾಗದವೊಂದು ಇರಬೇಕಿತ್ತು. ಸೈನ್ ಹಾಕಿಸಿಕೊಂಡು ಕಾಗದ ಫೈಲಿಗೆ ಸೇರಿಸಿದರೆ ಕೊಟ್ಟ ಹಾಗಾಗುವುದಿಲ್ಲ.

‘ಓದಿ ಹೇಳಿದ್ದೇವೆ’ ಎಂಬ ಉತ್ತರವೂ ಬರಬಹುದು. 1962ರಲ್ಲಿ ಇದೇ ಮಹಾರಾಷ್ಟ್ರದ ಒಂದು ಪ್ರಕರಣ ಸುಪ್ರೀಂ ಕೋರ್ಟ್ ಮುಂದೆ ಬಂದಿತ್ತು. ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಒಬ್ಬರಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟಿದ್ದರು, ಹಿಂದಿಯಲ್ಲಿ ಬಾಯಿಮಾತಿನಲ್ಲಿ ವಿವರಿಸಿದ್ದರು. ಅದು ಸಾಲದು ಎಂದು ಕೋರ್ಟು ಅವರನ್ನು ಬಿಡಿಸಿತು. ತಮಗೆ ತಿಳಿಯುವ ಭಾಷೆಯಲ್ಲಿ ಕೇಳುವುದು ಉಪಕಾರ ಬೇಡಿದಂತಲ್ಲ. ಇದನ್ನು ನಮ್ಮ ಹೋಟೆಲ್ ಹುಡುಗರು, ಡ್ರೈವರುಗಳು ತಿಳಿದಿರಬೇಕು ಎಂಬುದು ನನ್ನ ಆಸೆ. ಸೈನ್ ಹಾಕಲೇಬೇಕಾಗಿ ಬಂದರೆ ಪಕ್ಕದಲ್ಲಿ ಕನ್ನಡದಲ್ಲೇ ‘ಮರಾಠಿ ಓದಲು ಬರುವುದಿಲ್ಲ, ಕಾಪಿ ಸಿಕ್ಕಿಲ್ಲ’ ಎಂದು ಬರೆದು, ತಾರೀಕು, ಗಂಟೆ ಹಾಕಲಿ. ಆ ಒಂದು ಸಾಲು ಆಮೇಲೆ ವಕೀಲರಿಗೆ ದೊಡ್ಡ ಆಸರೆ.

ಇದರಿಂದ ಏನಾಗುತ್ತದೆ ಎಂಬುದನ್ನೂ ನೇರವಾಗಿ ಹೇಳುತ್ತೇನೆ. ಕಾರಣ ಬರೆದುಕೊಟ್ಟಿಲ್ಲ ಎಂದು ಸಾಬೀತಾದರೆ ಬಂಧನವೂ ರಿಮಾಂಡೂ ಕಾನೂನುಬಾಹಿರ, ಅವನನ್ನು ಬಿಡಬೇಕು. ಆದರೆ ಕಳವಿನ ಕೇಸು ಅಳಿಸಿ ಹೋಗುವುದಿಲ್ಲ. ಸರಿಯಾಗಿ ಬರೆದುಕೊಟ್ಟು ಮತ್ತೆ ವಶಕ್ಕೆ ಕೊಡಿ ಎಂದು ಪೊಲೀಸರು ಅರ್ಜಿ ಹಾಕಬಹುದು. ಹಾಗೆ ಬಂದರೆ ಇನ್ನೊಂದು ಪ್ರಶ್ನೆ ಕೇಳಿಸಿ. ನೌಕರ ಮಾಡಿದ ಕಳವಿಗೆ ಹೆಚ್ಚೆಂದರೆ ಏಳು ವರ್ಷ ಶಿಕ್ಷೆ. ಅಂಥವುಗಳಲ್ಲಿ ಬಂಧನ ಯಾಕೆ ಬೇಕು ಎಂಬುದಕ್ಕೆ ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ನೋಟಿಸ್ ಕೊಟ್ಟು ಕರೆಯಬೇಕು.

ಈಗ ಸಾಕ್ಷಿಯ ಮಾತು. ಠಾಣೆಗಳಲ್ಲಿ ಸಿಸಿಟಿವಿ ಇರಬೇಕು, ಅದನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಆದೇಶಿಸಿದೆ. ಶನಿವಾರ ರಾತ್ರಿಯಿಂದ ಸೋಮವಾರದವರೆಗಿನ ದೃಶ್ಯ ಮತ್ತು ಸ್ಟೇಷನ್ ಡೈರಿಯ ಪುಟಗಳನ್ನು ಕಾಪಾಡಲು ಆದೇಶ ಕೊಡಿ ಎಂದು ವಕೀಲರು ಕೋರ್ಟಿಗೆ ಅರ್ಜಿ ಹಾಕಲಿ. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ವಶದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ.

ಅದಕ್ಕೂ ಮೊದಲು ಇವತ್ತೇ ಹೋಟೆಲಿಗೆ ಹೋಗಿ. ಬಾಗಿಲ ಕ್ಯಾಮೆರಾದಲ್ಲಿ ಅವನನ್ನು ಕರೆದೊಯ್ದ ದೃಶ್ಯ ಇರಬಹುದು. ಅಲ್ಲಿಯದು ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುವ ಸಂಭವ ಜಾಸ್ತಿ, ಪೆನ್ ಡ್ರೈವಿಗೆ ಹಾಕಿಸಿಕೊಳ್ಳಿ. ಆ ರಾತ್ರಿ ನೀವು ಯಾರು ಯಾರಿಗೆ ಫೋನ್ ಮಾಡಿದಿರಿ, ಎಷ್ಟು ಗಂಟೆಗೆ, ಠಾಣೆಯ ಹತ್ತಿರ ಯಾರು ಬಂದಿದ್ದರು, ಎಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಫೋನಿನಿಂದ ಏನನ್ನೂ ಅಳಿಸಬೇಡಿ.

— ಸಂಪಾದಕ