ಅಡುಗೆಮನೆಯಲ್ಲಿ ಹೇಳಿದ್ದು ಅಡುಗೆಮನೆಯಲ್ಲೇ ಇರಲಿ

"ಅಣ್ಣಾ, ನಾನು ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಕಾಲೇಜಿನಿಂದಲೂ ಗೆಳೆಯನಾದ, ಈಗ ಒಂದೇ ಮನೆಯಲ್ಲಿರುವವನು ಮುಂದಿನ ತಿಂಗಳಿಂದ ನಮ್ಮ ತಂಡದ ಮುಖ್ಯಸ್ಥನಾಗುತ್ತಾನೆ. ಸಂತೋಷವೂ ಇದೆ, ಒಳಗೊಳಗೇ ಕಸಿವಿಸಿಯೂ ಇದೆ. ಇಲ್ಲಿ ಹೇಗೆ ನಡೆದುಕೊಳ್ಳಬೇಕು?"

ತಮ್ಮಾ, ನಾನೂ ಈ ದಾರಿಯಲ್ಲಿ ನಡೆದವನು. ದಾವಣಗೆರೆಯ ಗೆಳೆಯನೊಬ್ಬನ ಜೊತೆ ಬೆಳಿಗ್ಗೆ ಒಂದೇ ಎಸ್-ಬಾನ್ ರೈಲು ಹತ್ತುತ್ತಿದ್ದೆ, ಮಧ್ಯಾಹ್ನ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಳ್ಳುತ್ತಿದ್ದೆ. ಅವನಿಗೆ ಬಡ್ತಿ ಬಂದ ಸಂಜೆ ಮನೆಯಲ್ಲಿ ಕೇಸರಿಬಾತ್ ಮಾಡಿದವನು ನಾನು. ಹೊಟ್ಟೆಕಿಚ್ಚು ಎಲ್ಲಿ ಹುಟ್ಟೀತೋ ಎಂದು ಹೆದರಿದ್ದೆ. ಆದರೆ ಪೆಟ್ಟು ಬಿದ್ದದ್ದು ಅವನ ಕಾಳಜಿಯಿಂದ.

ಆ ಚಳಿಗಾಲದಲ್ಲಿ ನನಗೆ ವಿಪರೀತ ಬೆನ್ನುನೋವು. ರಾತ್ರಿ ಎದ್ದು ಬಿಸಿನೀರಿನ ಚೀಲ ತುಂಬಿಸಿ ಕೊಡುತ್ತಿದ್ದವನು ಅವನೇ. ಬೇಸಿಗೆಯ ಹೊತ್ತಿಗೆ ನೋವು ಹೋಯಿತು. ಅಷ್ಟರಲ್ಲಿ ಹಂಗೆರಿಯ ಕಾರ್ಖಾನೆಗೆ ಮೂರು ತಿಂಗಳು ಹೋಗಿ ಹೊಸ ಯಂತ್ರಗಳನ್ನು ನಡೆಸಿ ಕೊಡುವ ಕೆಲಸ ಬಂತು. ನಾನು ಎರಡು ವರ್ಷದಿಂದ ಕಾದಿದ್ದ ಕೆಲಸ ಅದು. ಅವನು ನನ್ನನ್ನು ಒಂದು ಮಾತೂ ಕೇಳದೆ ಬೇರೊಬ್ಬನಿಗೆ ಕೊಟ್ಟ. ಕೇಳಿದಾಗ, "ನಿನ್ನ ಬೆನ್ನು ತಡೆಯುವುದಿಲ್ಲ ಅಂದುಕೊಂಡೆ ಕಣೋ" ಎಂದ. ಆ ಮಾತಿನಲ್ಲಿ ಕಪಟವಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು.

ಇಲ್ಲಿಯ ಕ್ರಮ ನಿನಗೆ ಗೊತ್ತಿರಲಿ. ಜರ್ಮನಿಯಲ್ಲಿ ಕಾಯಿಲೆ ಬಿದ್ದರೆ ಆ ವಿಷಯವನ್ನೂ ಎಷ್ಟು ದಿನ ಬರಲಾಗುವುದಿಲ್ಲ ಎಂಬುದನ್ನೂ ಕಚೇರಿಗೆ ಹೇಳಬೇಕು. ಏನು ಕಾಯಿಲೆ ಎಂದು ಸಾಮಾನ್ಯವಾಗಿ ಹೇಳಬೇಕಾಗಿಲ್ಲ. ಸರ್ಕಾರಿ ಆರೋಗ್ಯ ವಿಮೆ ಇದ್ದವರಿಗೆ 2023ರಿಂದ ವೈದ್ಯರ ಚೀಟಿ ವಿಮಾ ಸಂಸ್ಥೆಗೆ ಹೋಗುತ್ತದೆ, ಕಚೇರಿ ಅದನ್ನು ಅಲ್ಲಿಂದ ತರಿಸಿಕೊಳ್ಳುತ್ತದೆ. ಕಚೇರಿಗೆ ಸಿಗುವುದರಲ್ಲಿ ದಿನಾಂಕಗಳಿರುತ್ತವೆ, ಕಾಯಿಲೆಯ ಹೆಸರಿರುವುದಿಲ್ಲ. ಬೇರೆ ಯಾವ ಮುಖ್ಯಸ್ಥನಾಗಿದ್ದರೂ "ಹಂಗೆರಿಗೆ ಹೋಗುತ್ತೀರಾ?" ಎಂದು ನನ್ನನ್ನೇ ಕೇಳಬೇಕಾಗುತ್ತಿತ್ತು. ಇವನಿಗೆ ಮೊದಲೇ ಗೊತ್ತಿದ್ದುದರಿಂದ ಕೇಳುವ ಅಗತ್ಯ ಕಾಣಲಿಲ್ಲ.

ಎರಡು ವಾರ ನಾವು ಬೇರೆ ಬೇರೆ ರೈಲಿನಲ್ಲಿ ಹೋದೆವು. ಕೊನೆಗೆ ಮನೆಯಲ್ಲಿ ಬೇಡವೆಂದು ಕಚೇರಿಯಲ್ಲೇ ಅರ್ಧ ಗಂಟೆ ಸಮಯ ಕೇಳಿ, ಬಾಗಿಲು ಹಾಕಿಕೊಂಡು ಮಾತಾಡಿದೆ. ಮನೆಯಲ್ಲಿ ನಾನು ಹೇಳಿದ್ದು ಇಲ್ಲಿ ನಿನಗೆ ಗೊತ್ತಿಲ್ಲ ಎಂದೇ ಇಟ್ಟುಕೋ, ಬೇಕಾದರೆ ಇಲ್ಲಿ ಇನ್ನೊಮ್ಮೆ ಕೇಳು ಎಂದೆ. ಅವನು ಒಪ್ಪಿಕೊಂಡ. ತನಗೆ ಗೊತ್ತಿದ್ದೂ ಹೇಳಲಾಗದ ವಿಷಯಗಳನ್ನು ನಾನು ಕೆದಕಬಾರದು ಎಂದು ಅವನೂ ಕೇಳಿಕೊಂಡ. ಮರುವರ್ಷ ನಮ್ಮ ವಿಭಾಗವನ್ನು ಇನ್ನೊಂದರ ಜೊತೆ ಸೇರಿಸಿದರು. ಅವನಿಗೆ ತಿಂಗಳುಗಳ ಮೊದಲೇ ಗೊತ್ತಿತ್ತು. ಅಷ್ಟು ದಿನವೂ ನನ್ನೆದುರು ಕೂತು ಸಾರನ್ನ ಉಣ್ಣುತ್ತಿದ್ದ. ಎಲ್ಲರ ಜೊತೆ ಸಭೆಯಲ್ಲಿ ಕೇಳಿದಾಗ ಸಿಟ್ಟು ಬಂತು. ಆದರೆ ಆ ಮಾತು ಕೊಟ್ಟವನು ನಾನೇ, ನುಂಗಿಕೊಂಡೆ.

ಕಚೇರಿಯಲ್ಲಿ ಕನ್ನಡದ ಬಗ್ಗೆಯೂ ಎಚ್ಚರ ಬೇಕು. ಸಮಾನರಾಗಿದ್ದಾಗ ಕಾಫಿ ಯಂತ್ರದ ಹತ್ತಿರ ನಾವು ಕನ್ನಡದಲ್ಲಿ ಹರಟಿದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವನು ಮುಖ್ಯಸ್ಥನಾದ ಮೇಲೆ ಒಮ್ಮೆ ಹಾಗೆಯೇ ಊರಿನ ಮಳೆಯ ಮಾತಾಡುತ್ತಿದ್ದಾಗ, ಸಹೋದ್ಯೋಗಿಯೊಬ್ಬಳು ಬಂದು "ಡಿಸೆಂಬರ್ ರಜೆ ಯಾರಿಗೆ ಎಂದು ತೀರ್ಮಾನವಾಯಿತೇ?" ಎಂದಳು. ಅಂದಿನಿಂದ ಮೂರನೆಯವರಿದ್ದರೆ ನಾವು ಜರ್ಮನ್‌ಗೆ ಹೊರಳುತ್ತೇವೆ. ದೀಪಾವಳಿಯ ರಜೆಯನ್ನೂ ಬಾಯಿಮಾತಿನಲ್ಲಿ ಕೇಳದೆ, ಎಲ್ಲರಂತೆ ರಜೆ ಪಟ್ಟಿಯಲ್ಲೇ ಹಾಕುತ್ತೇನೆ.

ನೀನು ಈಗಲೇ ಮಾಡಬೇಕಾದ ಕೆಲಸವೊಂದಿದೆ. ಈಗಿನ ಮುಖ್ಯಸ್ಥರಿಂದ 'ಸ್ವಿಷನ್‌ಸೊಯ್‌ಗ್ನಿಸ್' ಎಂಬ, ಇಲ್ಲಿಯವರೆಗಿನ ನಿನ್ನ ಕೆಲಸ ಹೇಗಿತ್ತೆಂದು ಬರೆದುಕೊಡುವ ಮಧ್ಯಂತರ ಪ್ರಮಾಣಪತ್ರ ಕೇಳು. ಮುಖ್ಯಸ್ಥರು ಬದಲಾಗುವುದು ಅದನ್ನು ಕೇಳಲು ಇಲ್ಲಿ ಎಲ್ಲರೂ ಒಪ್ಪುವ ಕಾರಣ, ಕೆಲಸ ಬಿಡುತ್ತಾನೆ ಎಂದು ಯಾರೂ ಅನುಮಾನಿಸುವುದಿಲ್ಲ. ನಾನು ಕೇಳಲಿಲ್ಲ. ಮುಂದೆ ನನ್ನ ಪತ್ರ ಬರೆಯುವುದು ಗೆಳೆಯನ ಪಾಲಿಗೆ ಬಂತು, ಪಕ್ಷಪಾತ ಅನ್ನಿಸೀತೆಂಬ ಭಯದಲ್ಲಿ ಅವನು ಕೈ ಬಿಗಿಹಿಡಿದ. ಈ ಪತ್ರಗಳ ಭಾಷೆ ಗುಟ್ಟಿನದು: ಮೇಲ್ನೋಟಕ್ಕೆ ಎಲ್ಲವೂ ಹೊಗಳಿಕೆಯೇ. ಆದರೆ 'ನಮಗೆ ಪೂರ್ಣ ತೃಪ್ತಿ ತಂದಿದ್ದಾರೆ' ಎಂಬ ವಾಕ್ಯದಲ್ಲಿ 'ಶ್ಟೇಟ್ಸ್', ಅಂದರೆ 'ಸದಾ', ಎಂಬ ಪದವಿಲ್ಲದಿದ್ದರೆ ನಿನ್ನ ದರ್ಜೆ ಒಂದು ಮೆಟ್ಟಿಲು ಇಳಿಯಿತೆಂದೇ ಅರ್ಥ. ನನ್ನದರಲ್ಲಿ ಆ ಪದ ಇರಲಿಲ್ಲ.

ಈಗಿನವರ ಕೊನೆಯ ಕೆಲಸದ ದಿನ ಯಾವುದೆಂದು ನಾಳೆಯೇ ವಿಚಾರಿಸು. ಪತ್ರ ಕೈಗೆ ಬಂದಾಗ ಮೊದಲು ಆ ವಾಕ್ಯ ಹುಡುಕು. ಅರ್ಥವಾಗದಿದ್ದರೆ ನನಗೆ ಕಳಿಸು, ಕೂತು ಓದೋಣ.